ಖಾಲಿಯಾಗಿ ಬಂದಿರುವ ನಿನ್ನ ಅಸೈನ್‌ಮೆಂಟ್ ಕುರಿತು

ಪ್ರೀತಿಯ ಸಹನಾ,

ಪರಿಸರ ಅಧ್ಯಯನದ ಎರಡನೆಯ ಅಸೈನ್‌ಮೆಂಟ್ ಎಂದು ನೀನು ಸೋಮವಾರ ರಾತ್ರಿ ಸಲ್ಲಿಸಿದ ಕಡತವನ್ನು ಇಂದು ಬೆಳಿಗ್ಗೆ ತೆರೆದು ನೋಡಿದೆ. ಕಡತಕ್ಕೆ sahana_kempambudhi_kere.docx ಎಂದು ಹೇಳಿಕೊಟ್ಟ ರೀತಿಯಲ್ಲಿಯೇ ಹೆಸರಿಟ್ಟಿದ್ದೀಯೆ, ಗಡುವಿಗೆ ಮೊದಲೇ ಕಳುಹಿಸಿದ್ದೀಯೆ. ಆದರೆ ಒಳಗಿರುವ ಒಂದೇ ಒಂದು ಪುಟದಲ್ಲಿ ಒಂದಕ್ಷರವೂ ಇಲ್ಲ. ನನ್ನ ಕಂಪ್ಯೂಟರಿನಲ್ಲಿ ಏನಾದರೂ ತೊಂದರೆ ಇರಬಹುದೆಂದು ವಿಭಾಗದ ಇನ್ನೊಂದು ಕಂಪ್ಯೂಟರಿನಲ್ಲಿಯೂ ಮೊಬೈಲಿನಲ್ಲಿಯೂ ತೆರೆದೆ. ಎಲ್ಲ ಕಡೆಯೂ ಹಾಗೆಯೇ ಕಾಣಿಸಿತು. ಇದು ಫಾಂಟಿನ ಸಮಸ್ಯೆಯೂ ಅಲ್ಲ. ಯೂನಿಕೋಡ್ ಅಲ್ಲದ ಕನ್ನಡ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಬರಹ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ, ಚಿಹ್ನೆಗಳಾಗಿ ಕಾಣುತ್ತದೆಯೇ ಹೊರತು ಮಾಯವಾಗುವುದಿಲ್ಲ. ಅಲ್ಲದೆ ಕಡತದ ಗಾತ್ರ ಕೇವಲ 12 ಕೆ.ಬಿ. ಇದೆ. ಕೆರೆಯ ಏರಿ, ಕೋಡಿ ಮತ್ತು ರಾಜಕಾಲುವೆಯ ಚಿತ್ರಗಳನ್ನು ಸೇರಿಸುವುದಾಗಿ ಕಳೆದ ವಾರ ನೀನು ಹೇಳಿದ್ದೆ. ಅವುಗಳಲ್ಲಿ ಒಂದಾದರೂ ಇದ್ದಿದ್ದರೆ ಗಾತ್ರ ಇಷ್ಟು ಚಿಕ್ಕದಾಗಿರುತ್ತಿರಲಿಲ್ಲ.

ಅಂಕಪಟ್ಟಿಯಲ್ಲಿ ನಿನ್ನ ಹೆಸರಿನ ಮುಂದೆ ನಾನು ಸೊನ್ನೆ ಬರೆದಿಲ್ಲ, 'ಬಾಕಿ' ಎಂದು ಗುರುತು ಮಾಡಿದ್ದೇನೆ. ಬರೆದದ್ದನ್ನು ಓದಿ, ಅದರ ಯೋಗ್ಯತೆಯನ್ನು ತೂಗಿ ನೋಡಿದ ಮೇಲೆ ಕೊಡಬೇಕಾದದ್ದು ಅಂಕ. ಇಲ್ಲಿ ಓದುವುದಕ್ಕೇ ಏನೂ ಇಲ್ಲದಿರುವಾಗ ಸೊನ್ನೆ ಕೊಟ್ಟರೆ ನಿನ್ನ ಕೆಲಸದ ಬಗ್ಗೆ ನನಗೆ ಗೊತ್ತಿಲ್ಲದ ಸಂಗತಿಯನ್ನು ಗೊತ್ತಿದೆ ಎಂದು ಬರೆದಂತಾಗುತ್ತದೆ. ನೀನು ಬೇಕೆಂದೇ ಖಾಲಿ ಕಡತ ಕಳುಹಿಸಿ ಸಮಯ ಗಿಟ್ಟಿಸಿಕೊಂಡೆ ಎಂದು ನಾನು ಭಾವಿಸಿಲ್ಲ; ಹಾಗೆಂದು ಇದು ಕೇವಲ ಕಣ್ತಪ್ಪು ಎಂದೂ ತೀರ್ಮಾನಿಸಿಲ್ಲ. ನಡೆದದ್ದೇನು ಎಂಬುದನ್ನು ನೀನೇ ತಿಳಿಸಬೇಕು.

ನೀನು ಬರಹವನ್ನು ಮುಗಿಸಿದ್ದರೆ ಅದು ಎಲ್ಲೋ ಇದ್ದೇ ಇರುವ ಸಾಧ್ಯತೆ ಹೆಚ್ಚು. ಸಾಮಾನ್ಯವಾಗಿ ಹೀಗಾಗುವುದು ಒಂದೇ ಹೆಸರಿನ ಎರಡು ಕಡತಗಳಿಂದ: ಮೊದಲು ಹೆಸರಿಟ್ಟು ಉಳಿಸಿಕೊಂಡ ಖಾಲಿ ಕಡತ ಒಂದು ಫೋಲ್ಡರಿನಲ್ಲಿ ಉಳಿದು, ಬರೆದ ಕಡತ ಇನ್ನೊಂದರಲ್ಲಿ ಸೇರಿಕೊಂಡಿರುತ್ತದೆ, ಅವಸರದಲ್ಲಿ ಕೈಗೆ ಸಿಗುವುದು ಮೊದಲನೆಯದು. ಆದ್ದರಿಂದ ನಿನ್ನ ಕಂಪ್ಯೂಟರಿನಲ್ಲಿ *.docx ಎಂದು ಹುಡುಕಿ, ಬಂದ ಕಡತಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ, ಕಳೆದ ವಾರ ಬದಲಾದ ಒಂದೊಂದನ್ನೂ ತೆರೆದು ನೋಡು. ಉಳಿಸುವ ಮೊದಲೇ ವಿದ್ಯುತ್ ಹೋಗಿದ್ದರೆ ವರ್ಡ್‌ನಲ್ಲಿ File, Info, Manage Document ಎಂಬ ದಾರಿಯಲ್ಲಿ ಹೋದರೆ Recover Unsaved Documents ಸಿಗುತ್ತದೆ. ತಾನಾಗಿಯೇ ಉಳಿದ ಪ್ರತಿ ಅಲ್ಲಿರಬಹುದು. ಗೂಗಲ್ ಡಾಕ್ಸ್‌ನಲ್ಲಿ ಬರೆದಿದ್ದರೆ ಇನ್ನೂ ಸುಲಭ, File ಪಟ್ಟಿಯ Version history ತೆರೆದರೆ ಹಿಂದಿನ ಆವೃತ್ತಿಗಳು ದಿನಾಂಕ ಮತ್ತು ಸಮಯದೊಂದಿಗೆ ಕಾಣುತ್ತವೆ. ಸೋಮವಾರದ ಮೊದಲೇ ಬರಹ ಸಿದ್ಧವಾಗಿತ್ತೆಂದು ಇವುಗಳಲ್ಲಿ ಯಾವುದರಿಂದಲಾದರೂ ತಿಳಿದರೆ ತಡದ ಪ್ರಶ್ನೆಯೇ ಬರುವುದಿಲ್ಲ. ಸಲ್ಲಿಸಿದ ದಿನವನ್ನೇ ನಾನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ.

ಬರೆದೇ ಇಲ್ಲವಾದರೆ ಅದನ್ನೂ ಎರಡು ಸಾಲಿನಲ್ಲಿ ಸ್ಪಷ್ಟವಾಗಿ ತಿಳಿಸು. ಮನೆಯಲ್ಲಿ ಅನಾನುಕೂಲವಿದ್ದಿರಬಹುದು, ಬೆಳಗಿನ ಅರೆಕಾಲಿಕ ಕೆಲಸದಿಂದ ಸಮಯ ಸಿಗದೆ ಇದ್ದಿರಬಹುದು, ಅಥವಾ ಎಲ್ಲಿಂದ ಪ್ರಾರಂಭಿಸಬೇಕೆಂದು ತೋಚದೆ ಕೈಚೆಲ್ಲಿರಬಹುದು. ಕಾರಣ ಯಾವುದಾದರೂ ಅದಕ್ಕೆ ತಕ್ಕ ದಾರಿ ಹುಡುಕಬಹುದು, ಆದರೆ ಖಾಲಿ ಪುಟದಿಂದ ನಾನು ಅದನ್ನು ಊಹಿಸಲಾರೆ. ಬೆರಳಚ್ಚು ಮಾಡುವುದೇ ಕಷ್ಟವಾಗಿದ್ದರೆ ಕೈಬರಹದ ಪುಟಗಳನ್ನು ತಂದುಕೊಡು, ಅದಕ್ಕಾಗಿ ಒಂದು ಅಂಕವೂ ಕಡಿಮೆಯಾಗುವುದಿಲ್ಲ.

ಈ ಬರಹ ನಿನ್ನಿಂದ ಬರಲೇಬೇಕೆಂದು ನಾನು ಒತ್ತಾಯಿಸುವುದಕ್ಕೆ ಇನ್ನೊಂದು ಕಾರಣವಿದೆ. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯಿದ್ದ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಿದೆ ಎಂದು ತರಗತಿಯಲ್ಲಿ ನಾನು ಹೇಳಿದಾಗ ಹೆಚ್ಚಿನವರು ಅದನ್ನು ಬರೆದುಕೊಂಡು ಸುಮ್ಮನಾದರು. ನೀನು ಮಾತ್ರ ಎದ್ದು ನಿಂತು, ಕೆರೆ ಹೋದರೂ ಅದಕ್ಕೆ ಹರಿದು ಬರುತ್ತಿದ್ದ ಮಳೆನೀರು ಈಗ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ನಾನು ನಿರೀಕ್ಷಿಸಿದ್ದು ಇಂತಹ ಪ್ರಶ್ನೆಯನ್ನೇ. ಕೆರೆಯನ್ನು ಮುಚ್ಚಬಹುದು, ಆದರೆ ಭೂಮಿಯ ಇಳಿಜಾರು ಇದ್ದಲ್ಲಿಯೇ ಇರುತ್ತದೆ, ಮಳೆಯ ನೀರು ತಗ್ಗನ್ನೇ ಹುಡುಕಿಕೊಂಡು ಬರುತ್ತದೆ. ಜೋರು ಮಳೆಯಾದಾಗ ನಮ್ಮ ಊರಿನ ಕೆಲವು ರಸ್ತೆಗಳಲ್ಲಿ ನೀರು ನಿಲ್ಲುವುದಕ್ಕೆ ಇದು ಒಂದು ಮುಖ್ಯ ಕಾರಣ. ನೀನು ಆರಿಸಿಕೊಂಡಿರುವ ಕೆಂಪಾಂಬುಧಿ ಕೆರೆ ಇನ್ನೂ ಉಳಿದಿರುವುದರಿಂದ ಅಲ್ಲಿ ಈ ಪ್ರಶ್ನೆಯನ್ನು ಕಣ್ಣಾರೆ ನೋಡಿ ಉತ್ತರಿಸಲು ಅವಕಾಶವಿದೆ. ಅದು ವೃಷಭಾವತಿ ಕಣಿವೆಯ ಕೆರೆ. ವೃಷಭಾವತಿ ಮುಂದೆ ಅರ್ಕಾವತಿಯನ್ನು ಸೇರುತ್ತದೆ, ಅರ್ಕಾವತಿ ಕಾವೇರಿಯನ್ನು ಸೇರುತ್ತದೆ. ಅಂದರೆ ಗವಿಪುರದ ಒಂದು ಓಣಿಯಲ್ಲಿ ಬಿದ್ದ ಮಳೆಹನಿಯ ದಾರಿಯನ್ನು ನೀನು ಕಾವೇರಿಯವರೆಗೆ ಗುರುತಿಸಬಹುದು. ಕೆಂಪೇಗೌಡರ ಗಡಿಗೋಪುರದ ಕುರಿತು ಒಂದು ಪ್ಯಾರಾ ಸಾಕು, ಅದರ ಇತಿಹಾಸವನ್ನು ಎಲ್ಲರೂ ಬರೆಯುತ್ತಾರೆ. ನೀರು ಎಲ್ಲಿಂದ ಒಳಗೆ ಬರುತ್ತದೆ, ಅದರೊಡನೆ ಏನೇನು ಸೇರಿಕೊಂಡು ಬರುತ್ತದೆ, ಕೋಡಿಯಿಂದ ಯಾವ ಕಡೆಗೆ ಹೋಗುತ್ತದೆ ಎಂಬುದನ್ನು ನೀನು ಕಂಡಂತೆ ಬರೆದರೆ, ಒಂದು ಕೈನಕ್ಷೆಯನ್ನೂ ಜೊತೆಗಿಟ್ಟರೆ, ನಾಲ್ಕು ಪುಟ ಸಾಕು.

ಶುಕ್ರವಾರ ಸಂಜೆ 5 ಗಂಟೆಯೊಳಗೆ ಹೊಸ ಕಡತ ಅಥವಾ ಕೈಬರಹ ನನಗೆ ತಲುಪಲಿ. ಸೋಮವಾರದ ನಂತರ ಬರೆದದ್ದಾದರೆ 20 ಅಂಕಗಳಲ್ಲಿ 2 ಅಂಕ ಕಡಿಮೆಯಾಗುತ್ತದೆ. ತಡವಾಗಿ ಕೊಟ್ಟ ಉಳಿದವರಿಗೂ ಇದೇ ನಿಯಮವನ್ನು ಅನ್ವಯಿಸಿದ್ದೇನೆ, ನಿನಗೊಬ್ಬಳಿಗೆ ಸಡಿಲಿಸಿದರೆ ಅವರಿಗೆ ಅನ್ಯಾಯವಾಗುತ್ತದೆ. ಶುಕ್ರವಾರದವರೆಗೂ ಸುದ್ದಿಯೇ ಬರದಿದ್ದರೆ 'ಬಾಕಿ' ಎಂಬುದನ್ನು 'ಸಲ್ಲಿಸಿಲ್ಲ' ಎಂದು ಬದಲಿಸಬೇಕಾಗುತ್ತದೆ, ಆಂತರಿಕ ಅಂಕಗಳ ಪಟ್ಟಿ ಶನಿವಾರ ಕಚೇರಿಗೆ ಹೋಗಬೇಕಾಗಿರುವುದರಿಂದ ಆಮೇಲೆ ನಾನು ಏನೂ ಮಾಡಲಾರೆ.

ಮತ್ತೆ ಸಲ್ಲಿಸಿದ ಕೂಡಲೇ, ಕಳುಹಿಸಿದ ಕಡತವನ್ನೇ ಅಲ್ಲಿಂದ ಇಳಿಸಿಕೊಂಡು, ಸಾಧ್ಯವಾದರೆ ಬೇರೆಯವರ ಮೊಬೈಲಿನಲ್ಲಿ ತೆರೆದು, ಕೊನೆಯ ಪುಟದವರೆಗೆ ನೋಡು. ನಿನ್ನ ಕಂಪ್ಯೂಟರಿನಲ್ಲಿರುವ ಪ್ರತಿಯನ್ನು ತೆರೆದು ನೋಡಿದರೆ ಪ್ರಯೋಜನವಿಲ್ಲ, ನನಗೆ ತಲುಪುವುದು ನೀನು ಸಲ್ಲಿಸಿದ ಪ್ರತಿ ಮಾತ್ರ.

ನಾಳೆ ಮಧ್ಯಾಹ್ನ 2ರಿಂದ 4ರವರೆಗೆ ನಾನು ವಿಭಾಗದಲ್ಲಿಯೇ ಇರುತ್ತೇನೆ. ಕಡತ ಸಿಗದಿದ್ದರೆ ಲ್ಯಾಪ್‌ಟಾಪ್ ತೆಗೆದುಕೊಂಡು ಬಾ, ಒಟ್ಟಿಗೆ ಹುಡುಕೋಣ; ಬರೆದಿಲ್ಲವಾದರೆ ಕೆರೆಯ ಬಳಿ ಗುರುತು ಹಾಕಿಕೊಂಡ ನೋಟ್‌ಪುಸ್ತಕವನ್ನು ತಾ, ಮೊದಲ ಪುಟವನ್ನು ಅಲ್ಲಿಯೇ ಕುಳಿತು ಬರೆಯುವಿಯಂತೆ.

ಇತಿ,
ನಿನ್ನ ಪರಿಸರ ಅಧ್ಯಯನದ ಅಧ್ಯಾಪಕಿ
ಬೆಂಗಳೂರು, ಬುಧವಾರ