ಬರೀ ಬಾಯಲ್ಲಿ ನಿಲ್ಲುವ ಹಾಡು

[ಪರದೆ ಕಪ್ಪು. ‘ಯಾರೇ ಕೂಗಾಡಲಿ’ ಹಾಡಿನ ಮೊದಲ ಸಾಲು, ಎಂಟು ಸೆಕೆಂಡು, ದನಿ ಮಾತ್ರ. ಆಮೇಲೆ ಚಿತ್ರ: ಎಮ್ಮೆಯ ಬೆನ್ನಿನ ಮೇಲೆ ರಾಜ್‌ಕುಮಾರ್.]

ನಿರೂಪಣೆ: ಪರದೆಯ ಮೇಲೆ ಎಮ್ಮೆ ಬರುವ ಮೊದಲೇ ನಿಮ್ಮ ಕಣ್ಣ ಮುಂದೆ ಎಮ್ಮೆ ಬಂದಿತ್ತು. ‘ಸಂಪತ್ತಿಗೆ ಸವಾಲ್’ ತೆರೆಗೆ ಬಂದದ್ದು 1974ರಲ್ಲಿ. ಚಿತ್ರದ ಕಥೆ ಹೇಳಿ ಎಂದರೆ ಅರ್ಧ ಜನ ತಡವರಿಸುತ್ತಾರೆ. ಹಾಡು ಹೇಳಿ ಎಂದರೆ ತಡವರಿಸುವವರು ಯಾರೂ ಇಲ್ಲ.

ಇದಕ್ಕೆ ಸಿದ್ಧ ಉತ್ತರವೊಂದು ಚಾಲ್ತಿಯಲ್ಲಿದೆ: ಹಳೆಯದೆಲ್ಲ ಚಿನ್ನ. ನಾನು ಒಪ್ಪುವುದಿಲ್ಲ. ಆ ಕಾಲದಲ್ಲೂ ಹೊಟ್ಟು ಬೇಕಾದಷ್ಟಿತ್ತು, ಅದು ತೂರಿಕೊಂಡು ಹೋಗಿದೆ. ಉಳಿದ ಕಾಳನ್ನು ಮಾತ್ರ ಕೈಯಲ್ಲಿ ಹಿಡಿದು ಇಡೀ ರಾಶಿಯೇ ಹೀಗಿತ್ತು ಎನ್ನುವುದು ಮೋಸದ ಲೆಕ್ಕ. ನನ್ನ ಪ್ರಶ್ನೆ ಬೇರೆ. ತೂರುವಾಗ ಈ ಕಾಳುಗಳೇ ಯಾಕೆ ಉಳಿದವು?

[ದೃಶ್ಯ: ಬಳ್ಳಾರಿ, ಕೌಲ್‌ಬಜಾರ್. ಗಣೇಶನ ಪೆಂಡಾಲ್‌ನಲ್ಲಿ ಆರ್ಕೆಸ್ಟ್ರಾ. ಹಾಡುವ ಹುಡುಗನಿಗೆ ಇಪ್ಪತ್ತರ ಆಸುಪಾಸು. ‘ಬಾರೇ ಬಾರೇ’ ಶುರುವಾಗುತ್ತಲೇ ಸಿಳ್ಳೆ.]

ನಿರೂಪಣೆ: ಎರಡನೆಯ ಸಿದ್ಧ ಉತ್ತರ, ಹರೆಯದ ನೆನಪು. ಹದಿನೈದರಿಂದ ಇಪ್ಪತ್ತೈದರ ನಡುವೆ ಕೇಳಿದ ಹಾಡು ಜೀವನಪೂರ್ತಿ ಕಾಡುತ್ತದೆ ಎನ್ನುತ್ತಾರೆ. ಸುಳ್ಳಲ್ಲ. ಆದರೆ ಈ ಹುಡುಗನನ್ನು ನೋಡಿ. ‘ನಾಗರಹಾವು’ ಬಂದದ್ದು 1972ರಲ್ಲಿ, ಆಗ ಇವನ ಅಪ್ಪ ಹುಟ್ಟಿದ್ದರೆ ಹೆಚ್ಚು. ಇವನಿಗೆ ಯಾವ ಹರೆಯದ ನೆನಪು? ಸಿಳ್ಳೆ ಹೊಡೆಯುವವರಲ್ಲೂ ಮುಕ್ಕಾಲು ಪಾಲು ಇವನ ವಾರಿಗೆಯವರೇ.

[ಸಂಗೀತ ಥಟ್ಟನೆ ನಿಲ್ಲುತ್ತದೆ. ಹೊಲಿಗೆ ಯಂತ್ರಗಳ ಸದ್ದು.]

ನಿರೂಪಣೆ: ಉತ್ತರ ಹುಡುಕಿಕೊಂಡು ನಾವು ಹೋದದ್ದು ಒಂದು ಜೀನ್ಸ್ ಹೊಲಿಯುವ ಘಟಕಕ್ಕೆ. ಬಳ್ಳಾರಿಯಲ್ಲಿ ಇಂಥವು ಗಲ್ಲಿಗೊಂದು.

[ದೃಶ್ಯ, ಹತ್ತಿರದಿಂದ: ನೀಲಿ ಬಣ್ಣ ಹತ್ತಿದ ಬೆರಳುಗಳು. ದಪ್ಪ ಬಟ್ಟೆ ಸೂಜಿಯಡಿ ಸರಿಯುತ್ತಿದೆ. ಹಿರಿಯ ಟೈಲರ್ ಒಬ್ಬರ ತುಟಿ ಅಲ್ಲಾಡುತ್ತಿದೆ. ದನಿ ಯಂತ್ರದ ಸದ್ದಿನಲ್ಲಿ ಅರ್ಧ ಮುಳುಗಿದೆ.]

ಟೈಲರ್: ಕಪಾಟಿನ ಮೇಲೆ ರೇಡಿಯೋ ಇದೆ, ತಮ್ಮಾ. ಈ ಸದ್ದಿನಲ್ಲಿ ಏನು ಕೇಳಿಸುತ್ತದೆ? ಅದಕ್ಕೇ ನಾವೇ ಹೇಳಿಕೊಳ್ಳುತ್ತೇವೆ.

ನಿರೂಪಣೆ: ಅವರು ಹೇಳಿಕೊಳ್ಳುತ್ತಿದ್ದದ್ದು ‘ಬಂಗಾರದ ಮನುಷ್ಯ’ ಚಿತ್ರದ ‘ಆಗದು ಎಂದು’. ಪಲ್ಲವಿ ಅಚ್ಚುಕಟ್ಟಾಗಿ ಬಂತು. ಮೊದಲ ಚರಣವೂ ಬಂತು. ಎರಡನೆಯ ಚರಣದಲ್ಲಿ ಮಾತು ಕೈಕೊಟ್ಟಿತು. ಮುಂದೆ ಏನಾಯಿತು, ಕೇಳಿ.

[ಟೈಲರ್ ಮಾತು ಮರೆತ ಕಡೆ ‘ಲಾಲಲ ಲಾಲಾ’ ತುಂಬುತ್ತಾರೆ. ಸಾಲು ಮುಗಿಯುತ್ತಲೇ ಪಲ್ಲವಿಗೆ ಸರಿಯಾಗಿ ಬಂದು ಸೇರುತ್ತಾರೆ. ಕೈ ಒಮ್ಮೆಯೂ ನಿಲ್ಲುವುದಿಲ್ಲ.]

ನಿರೂಪಣೆ: ಮಾತು ಹೋಯಿತು, ಅಳತೆ ಹೋಗಲಿಲ್ಲ. ಎಲ್ಲಿ ‘ಲಾ’ ಉದ್ದವಾಗಬೇಕು, ಎಲ್ಲಿ ಗಿಡ್ಡವಾಗಬೇಕು ಎಂಬುದು ಅವರ ಗಂಟಲಿಗೆ ಗೊತ್ತಿದೆ. ಅವರಿಗೆ ಛಂದಸ್ಸು ಯಾರೂ ಕಲಿಸಿಲ್ಲ, ಹಾಡೇ ಕಲಿಸಿದೆ. ಉಳಿದ ಹಾಡುಗಳ ಗುಟ್ಟು ಇಲ್ಲಿದೆ ಎಂಬುದು ನನ್ನ ವಾದ. ವಾದ್ಯ ಕಿತ್ತುಹಾಕಿದರೂ ಬರೀ ಬಾಯಲ್ಲಿ ನಿಲ್ಲುವಂತೆ ಕಟ್ಟಿದ ಹಾಡು ಉಳಿಯುತ್ತದೆ.

[ಪರದೆಯ ಮೇಲೆ ಎರಡು ಸಾಲು ಒಂದರ ಕೆಳಗೊಂದು: ‘ಯಾರೇ ಕೂಗಾಡಲಿ’, ‘ಊರೇ ಹೋರಾಡಲಿ’. ಅಕ್ಷರಗಳ ಮೇಲೆ ಗುರು, ಲಘು ಗುರುತುಗಳು ಒಂದೊಂದಾಗಿ ಮೂಡುತ್ತವೆ.]

ನಿರೂಪಣೆ: ಮೊದಲ ತುಂಡಿಗೆ ಹತ್ತು ಮಾತ್ರೆ. ಎರಡನೆಯದಕ್ಕೂ ಹತ್ತು. ನಾಲ್ಕು ಗುರು, ಎರಡು ಲಘು, ಎರಡರಲ್ಲೂ ಅದೇ ಜಾಗದಲ್ಲಿ. ಮೇಲೆ ‘ಯಾರೇ’ಗೆ ‘ಊರೇ’ಯ ಪ್ರಾಸ. ಮೊದಲ ತುಂಡು ನೆನಪಾದರೆ ಎರಡನೆಯದಕ್ಕೆ ಬೇರೆ ದಾರಿಯೇ ಇಲ್ಲ, ಬಂದೇ ಬರಬೇಕು. ಟೈಲರ್ ಹೇಳಿದ ಹಾಡಿನಲ್ಲೂ ‘ಆಗದು’, ‘ಕೈಲಾಗದು’, ‘ಸಾಗದು’ ಒಂದರ ಕೈ ಒಂದು ಹಿಡಿದಿವೆ.

ಇದೇನು ಸಿನಿಮಾದವರು ಕಂಡುಹಿಡಿದ ವಿದ್ಯೆಯಲ್ಲ.

[ದೃಶ್ಯ: ರಾಯಚೂರು ಜಿಲ್ಲೆಯ ಮಾನ್ವಿ. ಭಜನೆಯ ತಾಳ. ಕ್ಯಾಮೆರಾ ತಾಳ ಹಾಕುವ ಕೈಗಳ ಮೇಲೆ.]

ನಿರೂಪಣೆ: ವಿಜಯದಾಸರ ಚೀಕಲಪರವಿ ಈ ತಾಲ್ಲೂಕಿನದೇ. ಜಗನ್ನಾಥದಾಸರು ಮಾನ್ವಿಯವರು. ಅವರ ‘ಹರಿಕಥಾಮೃತಸಾರ’ ಭಾಮಿನಿ ಷಟ್ಪದಿಯಲ್ಲಿದೆ: ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಯ ನಡಿಗೆ, ಪ್ರತಿ ಸಾಲಿನ ಎರಡನೆಯ ಅಕ್ಷರಕ್ಕೆ ಪ್ರಾಸ. ಪುಸ್ತಕ ಎಲ್ಲರ ಕೈಗೆ ಸಿಗದ ಕಾಲದಲ್ಲಿ ಸಾಲು ತಪ್ಪದಂತೆ ಕಾದದ್ದು ಈ ಪ್ರಾಸ. ದಾಸರ ಪದಗಳ ಪಲ್ಲವಿ, ಚರಣ, ಮತ್ತೆ ಪಲ್ಲವಿ ಎಂಬ ಕಟ್ಟು ನಾಟಕ ಕಂಪನಿಗೂ ಬಂತು, ಅಲ್ಲಿಂದ ಸಿನಿಮಾಕ್ಕೂ ಇಳಿಯಿತು. ರಾಜ್‌ಕುಮಾರ್ ಅವರೇ ಗುಬ್ಬಿ ಕಂಪನಿಯ ರಂಗದಲ್ಲಿ ಪಳಗಿದವರು. ಕೊನೆಯ ಸಾಲಿನಲ್ಲಿ ನೆಲದ ಮೇಲೆ ಕುಳಿತವನಿಗೂ ಮಾತು ಮುಟ್ಟಬೇಕು ಎಂಬ ರಂಗದ ಶಿಸ್ತು ಆ ದನಿಯಲ್ಲಿ ಕೇಳಿಸುತ್ತದೆ.

ಕೆಲವು ಹಾಡು ಸಿನಿಮಾಕ್ಕಿಂತ ಮೊದಲೇ ಜನರ ಬಾಯಲ್ಲಿದ್ದವು.

[‘ಬೆಳ್ಳಿ ಮೋಡ’ (1967): ‘ಮೂಡಲ ಮನೆಯ’ ಹಾಡಿನ ಆರಂಭ, ಎಸ್. ಜಾನಕಿ, ಹತ್ತು ಸೆಕೆಂಡು.]

ನಿರೂಪಣೆ: ಬೇಂದ್ರೆಯವರ ಪದ್ಯ. ವಿಜಯಭಾಸ್ಕರ್ ಅದನ್ನು ಸ್ವರಕ್ಕೆ ಕೂರಿಸುವಾಗ ಪದ್ಯದ ಮೈಗೆ ಕತ್ತರಿ ಹಾಕಲಿಲ್ಲ, ಅಂಗಿಯನ್ನು ಮೈಗೆ ತಕ್ಕಂತೆ ಹೊಲಿದರು. ಸ್ವರಕ್ಕಾಗಿ ದೀರ್ಘವನ್ನು ಹ್ರಸ್ವ ಮಾಡಿ, ಒತ್ತಕ್ಷರವನ್ನು ನುಂಗಿ ಹಾಡುವ ಚಾಳಿಯನ್ನು ಈಗ ಕೇಳಿದಾಗಲೆಲ್ಲ ನನಗೆ ಈ ಹಾಡು ನೆನಪಾಗುತ್ತದೆ.

ಇಲ್ಲಿ ಬಳ್ಳಾರಿಯವರಿಗೆ ಖುಷಿ ಕೊಡುವ ಸಂಗತಿಯೊಂದಿದೆ. ಜಾನಕಿ, ಪಿ. ಸುಶೀಲಾ, ಪಿ.ಬಿ. ಶ್ರೀನಿವಾಸ್, ಮೂವರ ಮನೆಮಾತೂ ತೆಲುಗು. ನಮ್ಮಲ್ಲಿ ಮನೆಯೊಳಗೆ ತೆಲುಗು, ಬೀದಿಗೆ ಬಂದರೆ ಕನ್ನಡ ಎನ್ನುವವರು ಎಷ್ಟು ಜನ! ಕಲಿತು ಆಡುವ ಮಾತನ್ನು ಮನುಷ್ಯ ಎಚ್ಚರದಿಂದ ಆಡುತ್ತಾನೆ. ಅವರ ಹಾಡಿನಲ್ಲಿ ಒಂದಕ್ಷರವೂ ಜಾರದಿರುವುದಕ್ಕೆ ಆ ಎಚ್ಚರವೂ ಕಾರಣವಿರಬೇಕು ಎಂದು ನನ್ನ ಅನುಮಾನ.

[ಹಳೆಯ 78 ತಟ್ಟೆ ತಿರುಗುತ್ತಿರುವ ದೃಶ್ಯ. ಮುಳ್ಳಿನ ಕರಕರ.]

ನಿರೂಪಣೆ: ಉಳಿದ ಕೆಲಸವನ್ನು ಬಡತನ ಮಾಡಿತು. 78 ಸುತ್ತಿನ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುವುದು ಮೂರು ನಿಮಿಷದ ಹಾಡು. ತಟ್ಟೆ ಬದಲಾದ ಮೇಲೂ ಆ ಅಳತೆ ಬೇಗ ಬಿಡಲಿಲ್ಲ. ಮದ್ರಾಸಿನ ಸ್ಟುಡಿಯೋದಲ್ಲಿ ಗಾಯಕರು, ಪಿಟೀಲು, ತಬಲಾ ಎಲ್ಲ ಒಟ್ಟಿಗೆ. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ. ದನಿ ಒಂದೇ ಪಥದಲ್ಲಿ ಮುದ್ರಣವಾಗುವಾಗ ಯಾರನ್ನಾದರೂ ಮುಂದೆ ನಿಲ್ಲಿಸಲೇಬೇಕು. ಅವರು ಮಾತನ್ನು ಮುಂದೆ ನಿಲ್ಲಿಸಿದರು. ಮನೆಮನೆಯ ಕಳಪೆ ರೇಡಿಯೋದಲ್ಲೂ ಸಾಹಿತ್ಯ ತಿಳಿಯುತ್ತಿತ್ತು. ಆ ರೇಡಿಯೋ ಬೇಡಿದಾಗ ಹಾಡುತ್ತಿರಲಿಲ್ಲ. 1957ರಲ್ಲಿ ವಿವಿಧ ಭಾರತಿ ಶುರುವಾದ ಮೇಲೂ ಮೆಚ್ಚಿನ ಹಾಡಿಗೆ ಪತ್ರ ಬರೆದು ಕಾಯಬೇಕಿತ್ತು. ಮತ್ತೆ ಕೇಳುವ ತನಕ ಬಾಯಲ್ಲೇ ಇಟ್ಟುಕೊಳ್ಳಬೇಕು. ಬೇಕೆಂದಾಗ ಬೆರಳ ತುದಿಗೆ ಸಿಗುವುದನ್ನು ಯಾರು ಬಾಯಿಪಾಠ ಮಾಡುತ್ತಾರೆ?

[ದೃಶ್ಯ: ಕೊಪ್ಪಳದ ಒಂದು ಹೋಟೆಲು. ಒಗ್ಗರಣೆ, ಮಿರ್ಚಿ ತಟ್ಟೆಗಳು. ಕಾಲೇಜು ಹುಡುಗರು ಹೊಸ ಚಿತ್ರದ ಹಾಡು ಹೇಳುತ್ತಿದ್ದಾರೆ. ಒಬ್ಬ ಮೇಜು ಬಡಿಯುತ್ತಾನೆ, ಇನ್ನೊಬ್ಬ ಬಾಯಲ್ಲೇ ಡ್ರಮ್ ಬಾರಿಸುತ್ತಾನೆ.]

ನಿರೂಪಣೆ: ಹಾಗೆಂದು ಈಗಿನದೆಲ್ಲ ಹೊಟ್ಟೇ ಎಂದು ತೀರ್ಪು ಕೊಡಲಾರೆ. ಈ ಹುಡುಗರಿಗೆ ಎರಡು ಹೊಸ ಹಾಡು ಹೇಳಲು ಕೇಳಿದೆವು. ಮೊದಲನೆಯದರಲ್ಲಿ ಡ್ರಮ್ ನಿಲ್ಲಿಸು ಎಂದಾಗ ಹಾಡೂ ನಿಂತಿತು. ನಕ್ಕರು, ಮತ್ತೆ ಶುರು ಮಾಡಿದರು, ಮತ್ತೆ ನಿಂತಿತು. ಎರಡನೆಯದು ಡ್ರಮ್ ಇಲ್ಲದೆಯೇ ಎರಡು ಚರಣ ದಾಟಿತು. ನಡುವೆ ಒಂದು ಮಾತು ಮರೆತ ಹುಡುಗ ‘ಲಾಲಲ’ ಹಾಕಿಕೊಂಡು ಪಲ್ಲವಿಗೆ ಬಂದು ಸೇರಿದ.

[ಹುಡುಗರು ಹಾಡು ಮುಗಿಸುತ್ತಾರೆ. ಪಕ್ಕದ ಮೇಜಿನ ಹಿರಿಯರೊಬ್ಬರು ‘ಯಾವ ಸಿನಿಮಾದ್ದಪ್ಪ ಇದು?’ ಎಂದು ಕೇಳುತ್ತಾರೆ. ಹೆಸರುಪಟ್ಟಿ.]