ಕಾಕಾ, ಡಬ್ಬಿ ಆರಿಸಿ ಹಚ್ಚಿ, ಆದರೆ ಆ ಸಣ್ಣ ತೂತಿಗೆ ಕೈ ಹಾಕಬೇಡಿ

ಕಾಕಾ, ನಮಸ್ಕಾರ.

ಹೋದ ವಾರ ಫೋನಿನಲ್ಲಿ ನೀವು "ವೈಫೈ ಡಬ್ಬಿ ಕೆಟ್ಟೈತಿ ನೋಡು, ಮೊಮ್ಮಗಳ ಮುಖ ನಿಂತಲ್ಲೇ ನಿಂತೈತಿ" ಅಂದಿರಿ. ಆಮೇಲೆ "ಹಿಂದ ಒಂದ್ ತೂತು ಐತಿ, ಅದರಾಗ ಪಿನ್ನು ಹಾಕ್ಲಿ?" ಅಂತ ಕೇಳಿದಿರಿ. ಆ ಮಾತು ಕೇಳಿ ನನ್ನ ಎದೆ ಧಸಕ್ಕೆಂದಿತು. ಅದಕ್ಕೇ ದೊಡ್ಡ ಅಕ್ಷರದಲ್ಲಿ ಇದನ್ನು ಬರೆದು ಕಳಿಸುತ್ತಿದ್ದೇನೆ. ಜಮಖಂಡಿ ಮನೆಯ ಟಿವಿ ಪಕ್ಕದ ಗೋಡೆಗೆ ಅಂಟಿಸಿಬಿಡಿ. ಕಾಕುಗೂ ಒಮ್ಮೆ ಓದಿ ಹೇಳಿ.

ನೆಟ್ ನಿಂತ ಕೂಡಲೇ ಡಬ್ಬಿ ಆರಿಸಲು ಹೋಗಬೇಡಿ. ಮೊದಲು ಕಾಕು ಫೋನಿನಲ್ಲೂ ನಿಂತಿದೆಯಾ ನೋಡಿ. ಅವರದು ವೈಫೈ ಮೇಲೆ ನಡೆಯುತ್ತಿದ್ದರೆ ತಪ್ಪು ಡಬ್ಬಿಯದಲ್ಲ, ನಿಮ್ಮ ಫೋನಿನದು. ಫೋನನ್ನೇ ಒಮ್ಮೆ ಆರಿಸಿ ಹಚ್ಚಿದರೆ ಸಾಕು. ಇಬ್ಬರದೂ ನಿಂತಿದ್ದರೆ ಚಷ್ಮಾ ಹಾಕಿಕೊಂಡು ಡಬ್ಬಿಯ ಮುಂದಿನ ದೀಪಗಳನ್ನು ನೋಡಿ.

ಒಂದು ದೀಪವೂ ಇಲ್ಲ ಅಂದರೆ ಕರೆಂಟೇ ಬರುತ್ತಿಲ್ಲ. ಸ್ವಿಚ್ ನೋಡಿ, ಪ್ಲಗ್ ಸಡಿಲಾಗಿದೆಯಾ ನೋಡಿ. ಹೆಸ್ಕಾಂನವರು ಕರೆಂಟು ತೆಗೆದಾಗ ಫ್ಯಾನು ಇನ್ವರ್ಟರ್ ಮೇಲೆ ತಿರುಗುತ್ತದೆ, ಆದರೆ ಡಬ್ಬಿಯ ಸ್ವಿಚ್ಚಿಗೆ ಇನ್ವರ್ಟರ್ ಲೈನ್ ಇಲ್ಲ. ಅದು ಮುಂದಿನ ಸಲ ನಾನು ಬಂದಾಗ ಮಾಡಿಸುವ ಕೆಲಸ.

LOS ಎಂದು ಬರೆದ ಕಡೆ ಕೆಂಪು ದೀಪ ಮಿಣುಕುತ್ತಿದ್ದರೆ ಹೊರಗಿನಿಂದ ಬರುವ ಬೆಳಕೇ ಡಬ್ಬಿಗೆ ಮುಟ್ಟುತ್ತಿಲ್ಲ ಅಂತ ಅರ್ಥ. ರಸ್ತೆ ಅಗೆಯುವವರು ವೈರ್ ಹರಿದಿರಬಹುದು, ಮಂಗಗಳು ಜೋತಾಡಿರಬಹುದು. ಆಗ ನೀವು ನೂರು ಸಲ ಆರಿಸಿ ಹಚ್ಚಿದರೂ ಬರುವುದಿಲ್ಲ. ಲೈನ್ ಹುಡುಗನಿಗೆ ಫೋನ್ ಮಾಡಿ, "ಎಲ್‌ಒಎಸ್ ಕೆಂಪು ಬಂದೈತಿ" ಅನ್ನಿ. ಅಷ್ಟು ಹೇಳಿದರೆ ಅವನಿಗೆ ಎಲ್ಲ ತಿಳಿಯುತ್ತದೆ, ನೀವು ತಿಳಿದವರು ಅಂತಲೂ ಗೊತ್ತಾಗುತ್ತದೆ! ಆ ತೆಳು ವೈರನ್ನು ಮಾತ್ರ ನೀವು ಕೀಳಬೇಡಿ, ಮಡಚಬೇಡಿ. ಒಳಗಿರುವುದು ತಾಮ್ರವಲ್ಲ, ಕೂದಲಿನಂಥ ಗಾಜಿನ ಎಳೆ. ಅದರ ತುದಿಯಲ್ಲಿ ಕಣ್ಣಿಟ್ಟು ನೋಡಲೂಬಾರದು. ಬರುವ ಬೆಳಕು ಕಣ್ಣಿಗೆ ಕಾಣದಿದ್ದರೂ ಕಣ್ಣಿಗೆ ಒಳ್ಳೆಯದಲ್ಲ.

ಕೆಂಪು ಇಲ್ಲ, PON ಅನ್ನುವ ಹಸಿರು ದೀಪ ಅಲುಗಾಡದೆ ಉರಿಯುತ್ತಿದೆ, ಆದರೂ ನೆಟ್ ಇಲ್ಲ ಅಂದರೆ ಆಗ ಆರಿಸಿ ಹಚ್ಚಬಹುದು. ಮೊದಲು "ಯಾರಾದ್ರೂ ನೋಡಾಕತ್ತೀರೇನ್ರಿ?" ಅಂತ ಮನೆಯಲ್ಲಿ ಒಂದು ಮಾತು ಕೇಳಿ. ಕಾಕು ಧಾರಾವಾಹಿಯ ನಡುವೆ ಆರಿಸಿದರೆ ಆಮೇಲಿನದು ನನ್ನ ಕೈಯಲ್ಲಿಲ್ಲ.

ಬೋರ್ಡಿನಲ್ಲಿ ಮೂರು ಸ್ವಿಚ್ ಇವೆ. ನಾನು ಹಳದಿ ಟೇಪ್ ಹಚ್ಚಿದ್ದು ಡಬ್ಬಿಯದು. ಕೈ ಒಣಗಿರಲಿ. ಆ ಸ್ವಿಚ್ ಒತ್ತಿ ಆರಿಸಿ, ಅಷ್ಟೇ. ವೈರ್ ಹಿಡಿದು ಜಗ್ಗಬೇಡಿ, ಡಬ್ಬಿಯ ಹಿಂದೆ ಕೈ ಹಾಕಬೇಡಿ. ಎಲ್ಲ ದೀಪ ಆರಿದ ಮೇಲೆ ನಿಧಾನವಾಗಿ ಒಂದರಿಂದ ಅರವತ್ತರವರೆಗೆ ಎಣಿಸಿ. ಆರಿಸಿದ ಮೇಲೂ ಒಳಗೆ ಸ್ವಲ್ಪ ಹೊತ್ತು ಕರೆಂಟು ಉಳಿದಿರುತ್ತದೆ. ಅದು ಪೂರ್ತಿ ಇಳಿದರೆ ಮಾತ್ರ ಡಬ್ಬಿ ಹೊಸದಾಗಿ ಏಳುತ್ತದೆ. ಪಟ್ ಅಂತ ಆರಿಸಿ ಪಟ್ ಅಂತ ಹಚ್ಚಿದರೆ ಅರ್ಧ ನಿದ್ದೆಯಲ್ಲಿ ಎಬ್ಬಿಸಿದ ಹಾಗೆ.

ಆಮೇಲೆ ಸ್ವಿಚ್ ಹಚ್ಚಿ, ಐದು ನಿಮಿಷ ಬಿಟ್ಟುಬಿಡಿ. ದೀಪಗಳು ಮಿಣುಕುತ್ತವೆ, ಕೆಲವು ಬರುತ್ತವೆ, ಹೋಗುತ್ತವೆ. ಹೆದರಬೇಡಿ. ಅಷ್ಟರಲ್ಲಿ ಚಹಾ ಕುಡಿದು ಬನ್ನಿ. ನಡುವೆ ಮತ್ತೆ ಆರಿಸಲೇಬೇಡಿ. ಫೋನು ತಾನೇ ಹೋಗಿ ಡಬ್ಬಿಗೆ ಕೂಡಿಕೊಳ್ಳುತ್ತದೆ, ಪಾಸ್‌ವರ್ಡ್ ಕೇಳುವುದಿಲ್ಲ. ಬರದಿದ್ದರೆ ಇನ್ನೊಂದೇ ಸಲ ಮಾಡಿ ನೋಡಿ. ಮೂರನೆಯ ಸಲ ಬೇಡ, ನನಗೆ ಫೋನ್ ಮಾಡಿ.

ಇನ್ನು ಆ ತೂತಿನ ವಿಷಯ. ಅಲ್ಲಿ ಇಂಗ್ಲಿಷಿನಲ್ಲಿ RESET ಎಂದು ಬರೆದಿದೆ. ಹೆಸರು ಕೇಳಿದರೆ ರಿಸ್ಟಾರ್ಟ್‌ನ ತಮ್ಮನ ಹಾಗೆ ಅನಿಸುತ್ತದೆ ಅಲ್ವಾ? ಸಂಬಂಧವೇ ಇಲ್ಲ. ನೀವು ಮೂವತ್ತು ವರ್ಷ ಮಾಸ್ತರಿಕೆ ಮಾಡಿದವರು, ನಿಮ್ಮ ಶಾಲೆಯ ಲೆಕ್ಕದಲ್ಲೇ ಹೇಳುತ್ತೇನೆ. ಸ್ವಿಚ್ ಆರಿಸಿ ಹಚ್ಚುವುದು ಮಧ್ಯಾಹ್ನದ ಗಂಟೆ ಹೊಡೆದ ಹಾಗೆ. ಮಕ್ಕಳು ಊಟಕ್ಕೆ ಹೋಗಿ ಮರಳಿ ಅದೇ ಜಾಗದಲ್ಲಿ ಕೂರುತ್ತಾರೆ, ಹಾಜರಿ ಪುಸ್ತಕ ಮೇಜಿನ ಮೇಲೇ ಇರುತ್ತದೆ. ಆ ತೂತಿನಲ್ಲಿ ಪಿನ್ನು ಹಾಕಿ ಒತ್ತಿ ಹಿಡಿಯುವುದು ಹಾಜರಿ ಪುಸ್ತಕವನ್ನೇ ಒಲೆಗೆ ಹಾಕಿದ ಹಾಗೆ. ಕಟ್ಟಡ ಇದೆ, ಮಕ್ಕಳೂ ಇದ್ದಾರೆ, ಯಾರು ಯಾರೆಂದು ಯಾರಿಗೂ ಗೊತ್ತಿಲ್ಲ.

ಹತ್ತು ಸೆಕೆಂಡು ಒತ್ತಿ ಹಿಡಿದರೆ ಡಬ್ಬಿ ಕಾರ್ಖಾನೆಯಿಂದ ಬಂದ ದಿನದ ಹಾಗೆ ಆಗುತ್ತದೆ. ನಾವು ಇಟ್ಟ ವೈಫೈ ಹೆಸರು, ಪಾಸ್‌ವರ್ಡ್ ಹೋಯಿತು. ಫೋನು, ಟಿವಿ, ಬಾಗಿಲ ಕ್ಯಾಮೆರಾ ಎಲ್ಲವನ್ನೂ ಮತ್ತೆ ಒಂದೊಂದಾಗಿ ಜೋಡಿಸಬೇಕು. ಅದು ಸಣ್ಣ ತಾಪತ್ರಯ. ದೊಡ್ಡದು ಬೇರೆ ಇದೆ. ನೆಟ್ ಕೊಡುವವರು ನಮ್ಮ ಮನೆಯ ಲೈನಿಗೆಂದು ಒಂದು ಯೂಸರ್ ಹೆಸರು, ಒಂದು ಪಾಸ್‌ವರ್ಡ್ ಕೊಟ್ಟು ಡಬ್ಬಿಯ ಒಳಗೆ ತುಂಬಿಸಿದ್ದಾರೆ. ಅದೂ ಅಳಿಸಿಹೋಗುತ್ತದೆ. ಆಗ ಫೋನಿನಲ್ಲಿ ವೈಫೈ ಗುರುತು ಪೂರ್ತಿ ಕಾಣುತ್ತದೆ, ನೆಟ್ ಮಾತ್ರ ಬರುವುದಿಲ್ಲ. ನೀವು ಎಲ್ಲ ಸರಿ ಇದೆಯಲ್ಲ ಅಂತ ತಲೆ ಕೆಡಿಸಿಕೊಳ್ಳುತ್ತಾ ಕೂರುತ್ತೀರಿ.

ಇದು ಓದಿ ತಿಳಿದ ಮಾತಲ್ಲ ಕಾಕಾ. ಧಾರವಾಡದಲ್ಲಿ ರೂಮ್ ಮಾಡಿದ್ದಾಗ ನಾನೇ ಸೇಫ್ಟಿ ಪಿನ್ ಹಾಕಿ ಒತ್ತಿದ್ದೆ. ದೀಪಗಳೆಲ್ಲ ಒಮ್ಮೆಲೇ ಹೊತ್ತಿಕೊಂಡಾಗ ಏನೋ ಸಾಧಿಸಿದೆ ಅನಿಸಿತು. ಲೈನ್ ಮನೆ ಮಾಲೀಕರ ಹೆಸರಿನಲ್ಲಿತ್ತು, ಯೂಸರ್ ಹೆಸರು ಬರೆದ ಚೀಟಿ ಬೆಳಗಾವಿಯ ಅವರ ಮನೆಯಲ್ಲಿತ್ತು. ಎರಡು ದಿನ ಇಡೀ ಮನೆಗೆ ನೆಟ್ ಇರಲಿಲ್ಲ. ಮೇಲಿನ ಮನೆಯವರು ಮೆಟ್ಟಿಲಲ್ಲಿ ಸಿಕ್ಕರೆ ನಾನು ಚಪ್ಪಲಿ ಹುಡುಕುವ ಹಾಗೆ ಬಗ್ಗುತ್ತಿದ್ದೆ.

ಮುಂದಿನ ಸಲ ಬಂದಾಗ ನಿಮ್ಮ ಡಬ್ಬಿಯ ತೂತಿನ ಮೇಲೆ ಕಪ್ಪು ಟೇಪ್ ಹಚ್ಚುತ್ತೇನೆ. ಆಮೇಲೆ ಅದನ್ನು ಕೀಳಬೇಡಿ. ಒರೆಸುವಾಗ ಒಣ ಬಟ್ಟೆ ಸಾಕು, ಗಾಳಿ ಕಿಂಡಿಗಳು ಮುಚ್ಚದಿರಲಿ. ಕಾಕುವಿನ ಕ್ರೋಷಾ ಹೊದಿಕೆ ಟಿವಿಗೆ ಚೆಂದ, ಡಬ್ಬಿಗೆ ಬೇಡ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಅದು ಮೊದಲೇ ಕಾಯುತ್ತದೆ.

ಯಾರೋ ಫೋನ್ ಮಾಡಿ "ನಾವು ನೆಟ್ ಆಫೀಸಿನವರು, ಆ ಬಟನ್ ಒತ್ತಿ ಹಿಡೀರಿ" ಅಂದರೂ ಒತ್ತಬೇಡಿ. "ನಮ್ಮ ಹುಡುಗ ಬಂದ ಮೇಲೆ ನೋಡೋಣ" ಅಂದು ಇಟ್ಟುಬಿಡಿ. ಒಟಿಪಿ ಕೇಳಿದರೆ ಅಷ್ಟೂ ಮಾತು ಬೇಡ, ಫೋನ್ ಇಡಿ.

ಒರೆಸುವಾಗ ಏನೋ ಚೂಪಾದದ್ದು ಆ ತೂತಿಗೆ ತಗುಲಿ ಬಟನ್ ಒಮ್ಮೆ ಒತ್ತಿತು ಅಂತಿಟ್ಟುಕೊಳ್ಳಿ. ಗಾಬರಿ ಬೇಡ, ಸಾಮಾನ್ಯವಾಗಿ ಹಾಗೆ ಮುಟ್ಟಿದರೆ ಏನೂ ಆಗುವುದಿಲ್ಲ. ಹಿಡಿದೇ ಬಿಟ್ಟಿದ್ದರೆ ಮತ್ತೇನನ್ನೂ ಒತ್ತದೆ ಹಾಗೇ ಬಿಡಿ. ಯೂಸರ್ ಹೆಸರು, ಪಾಸ್‌ವರ್ಡ್ ಎರಡನ್ನೂ ನಿಮ್ಮ ಕೆಂಪು ಡೈರಿಯ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದೇನೆ. ಲೈನ್ ಹುಡುಗ ಬಂದಾಗ ತೋರಿಸಿ, ಪುಟ ಹರಿದು ಕೊಡಬೇಡಿ.

ಅಡ್ಡಮಳೆ ಶುರುವಾಗಿ ಗುಡುಗುವ ಮೊದಲೇ ಸ್ವಿಚ್ ಆರಿಸಿ ಪ್ಲಗ್ ಕಳಚಿ ಇಡಿ. ಗುಡುಗು ಶುರುವಾದ ಮೇಲೆ ಮುಟ್ಟಲು ಹೋಗಬೇಡಿ.

ನೆಟ್ ಹೋದಾಗ ನನ್ನನ್ನು ವಾಟ್ಸಾಪ್‌ನಲ್ಲಿ ಕರೆಯುತ್ತಾ ಕೂರಬೇಡಿ, ಅದೂ ನೆಟ್ ಮೇಲೇ ನಡೆಯುವುದು. ಮೊದಲಿನ ಹಾಗೆ ನಂಬರ್ ಒತ್ತಿ. ರಾತ್ರಿ ಹತ್ತಾದರೂ ಎತ್ತುತ್ತೇನೆ.

ನಿಮ್ಮ ಅಣ್ಣನ ಮಗ