ಕುವೆಂಪುನಗರದ ಮೇಲ್ಮನೆ ಬಾಡಿಗೆ: ಮಗಳ ಪರವಾಗಿ ನನ್ನ ಮಾತು ಮತ್ತು ಜಾಮೀನಿನ ವಿವರ

ಅರಸೀಕೆರೆ, 9 ಜುಲೈ 2025

ಶ್ರೀನಿವಾಸಮೂರ್ತಿಯವರಿಗೆ ನಮಸ್ಕಾರ.

ಸರ್, ನಿಮ್ಮ ಮೊದಲ ಮಹಡಿಯ ಒಂದು ಬೆಡ್‌ರೂಮಿನ ಮನೆ ನೋಡಿಕೊಂಡು ಹೋದ ಇಬ್ಬರು ಹುಡುಗಿಯರಲ್ಲಿ ಸಿಂಚನಾ ನನ್ನ ಮಗಳು. ಸ್ಟೂಡೆಂಟ್‌ಗಳಿಗೆ ಕೊಡಲು ಯೋಚನೆಯಾಗುತ್ತದೆ, ಹೊಣೆ ಹೊರುವ ಹಿರಿಯರೊಬ್ಬರು ಬರವಣಿಗೆಯಲ್ಲಿ ಕೊಟ್ಟರೆ ನೋಡೋಣ ಎಂದು ನೀವು ಹೇಳಿದಿರಂತೆ. ನ್ಯಾಯವಾದ ಮಾತು. ಅದಕ್ಕೇ ಈ ಮೆಸೇಜ್. ಸ್ವಲ್ಪ ಉದ್ದವಾಗಿದೆ, ಬಿಡುವಾದಾಗ ಓದಿ. ನಾನು ಯಾವುದಕ್ಕೆ ಹೊಣೆ, ಎಷ್ಟರವರೆಗೆ, ಹಣ ಬಾರದಿದ್ದರೆ ನೀವು ಏನು ಮಾಡಬೇಕು ಎಂಬುದನ್ನು ಬಿಡಿಸಿ ಬರೆದಿದ್ದೇನೆ. ನಿಮಗೆ ಒಪ್ಪಿಗೆಯಾದರೆ ಇದನ್ನೇ ಕರಾರುಪತ್ರಕ್ಕೆ ಸೇರಿಸಬಹುದು.

ಮೊದಲು ಮಗಳ ವಿಚಾರ. ಸಿಂಚನಾಗೆ 22 ವರ್ಷ. ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಸಸ್ಯಶಾಸ್ತ್ರ, ಮೊದಲ ವರ್ಷ ಹಾಸ್ಟೆಲಿನಲ್ಲಿದ್ದು ಮುಗಿಸಿದ್ದಾಳೆ. ಹಾಸ್ಟೆಲಿನಿಂದ ಬಾಕಿ ಇಲ್ಲವೆಂಬ ಪತ್ರ ತೆಗೆದುಕೊಂಡಿದ್ದಾಳೆ, ಅದರ ಪ್ರತಿ ಕೊಡುತ್ತಾಳೆ. ಜೊತೆಗಿರುವ ಪ್ರತಿಮಾ ಅದೇ ತರಗತಿಯವಳು, ಕಡೂರಿನ ಹುಡುಗಿ. ಅವಳ ತಂದೆ ಕೊಬ್ಬರಿ ವ್ಯಾಪಾರಸ್ಥರು, ತಮ್ಮ ಪತ್ರವನ್ನು ಬೇರೆಯಾಗಿಯೇ ಕಳಿಸುತ್ತಾರೆ.

ನನ್ನ ಮಗಳು ಚಿನ್ನದಂಥವಳು ಎಂದು ಎಲ್ಲ ತಂದೆಯರೂ ಬರೆಯುತ್ತಾರೆ, ಅದರಿಂದ ನಿಮಗೇನೂ ಉಪಯೋಗವಿಲ್ಲ. ಮನೆ ಕೊಡುವವರಿಗೆ ಬೇಕಾದ್ದನ್ನು ಹೇಳುತ್ತೇನೆ. ಕ್ಲಾಸು, ಲ್ಯಾಬು ಮುಗಿಸಿ ಸಂಜೆ ಆರೂವರೆ ಏಳಕ್ಕೆ ಮನೆಯಲ್ಲಿರುತ್ತಾಳೆ. ಫೀಲ್ಡ್ ಟ್ರಿಪ್ ಇದ್ದಾಗ ಮಾತ್ರ ಬೆಳಗಿನ ಜಾವ ಹೊರಡುವುದು ಅಥವಾ ತಡವಾಗುವುದು ಉಂಟು. ಹಾಗಿದ್ದರೆ ಹಿಂದಿನ ದಿನವೇ ನಿಮಗೋ ಮನೆಯವರಿಗೋ ತಿಳಿಸುತ್ತಾಳೆ. ಹತ್ತಕ್ಕೆ ಗೇಟು ಬೀಗ ಎಂಬ ನಿಮ್ಮ ನಿಯಮಕ್ಕೆ ಒಪ್ಪಿದ್ದಾಳೆ. ಅಡುಗೆ ಇಬ್ಬರೂ ಮಾಡಿಕೊಳ್ಳುತ್ತಾರೆ, ಇಬ್ಬರೂ ಸಸ್ಯಾಹಾರಿಗಳು. ಸ್ಕೂಟಿ ಒಂದೇ. ಮನೆಯಲ್ಲಿ ಉಳಿಯಲು ಬರುವವರೆಂದರೆ ಎರಡೂ ಕಡೆಯ ತಂದೆತಾಯಿ, ಅದೂ ಒಂದೆರಡು ರಾತ್ರಿ. ಬೇರೆ ಯಾರಾದರೂ ಉಳಿಯುವುದಿದ್ದರೆ ಮೊದಲು ನಿಮ್ಮ ಅನುಮತಿ ಕೇಳಬೇಕೆಂದು ಇಬ್ಬರಿಗೂ ಹೇಳಿದ್ದೇನೆ.

ಆಮೇಲೆ ಕಣ್ಣಿಗೆ ಬಿದ್ದು ನೀವು ಗಾಬರಿಯಾಗುವ ಬದಲು ಈಗಲೇ ಹೇಳಿಬಿಡುವ ಸಂಗತಿಯೊಂದಿದೆ. ಇವರ ಕೋರ್ಸಿನಲ್ಲಿ ಹರ್ಬೇರಿಯಂ ಮಾಡಬೇಕು. ಗಿಡದ ರೆಂಬೆಯನ್ನು ಹೂವಿನ ಸಮೇತ ಹಳೆಯ ದಿನಪತ್ರಿಕೆಗಳ ನಡುವೆ ಹರಡಿ, ಮೇಲೆ ಹಲಗೆ, ಅದರ ಮೇಲೆ ಭಾರ ಇಟ್ಟು ಒಣಗಿಸುತ್ತಾರೆ. ಮೊದಲ ಕೆಲವು ದಿನ ದಿನವೂ ಕಾಗದ ಬದಲಿಸದಿದ್ದರೆ ಬೂಸ್ಟು ಹಿಡಿಯುತ್ತದೆ. ಹಾಗಾಗಿ ಮನೆಯಲ್ಲಿ ಪೇಪರಿನ ಕಟ್ಟು, ಒಣಗಿದ ಎಲೆಯ ವಾಸನೆ ಇರುತ್ತದೆ. ಒದ್ದೆ ಕಾಗದವನ್ನು ಗೋಡೆಗೆ ಒರಗಿಸಿಟ್ಟರೆ ಬಣ್ಣದ ಮೇಲೆ ಕಲೆ ಕೂರುವ ಕಾರಣ ಎಲ್ಲವನ್ನೂ ಮೇಜಿನ ಮೇಲೇ ಇಡಬೇಕೆಂದು ತಾಕೀತು ಮಾಡಿದ್ದೇನೆ. ಮಾದರಿಗೆ ಹುಳ ಹಿಡಿಯದಂತೆ ವಿಷದ ದ್ರಾವಣ ಹಚ್ಚುವ ಕೆಲಸವೇನಿದ್ದರೂ ಲ್ಯಾಬಿನಲ್ಲೇ; ಅಂಥ ರಾಸಾಯನಿಕ ಯಾವುದೂ ಮನೆಗೆ ಬರುವುದಿಲ್ಲ. ಬಾಲ್ಕನಿಯಲ್ಲಿ ನಾಲ್ಕಾರು ಕುಂಡ ಇಟ್ಟುಕೊಳ್ಳಲು ಕೇಳಬಹುದು. ಕೆಳಗೆ ತಟ್ಟೆ ಇಟ್ಟರೆ ಮಾತ್ರ ಒಪ್ಪಿ, ಇಲ್ಲವಾದರೆ ಕೆಮ್ಮಣ್ಣಿನ ನೀರು ನಿಮ್ಮ ಕೆಳಗಿನ ಗೋಡೆಗೆ ಇಳಿಯುತ್ತದೆ.

ಅವಳ ಒಂದು ಕೊರತೆಯೆಂದರೆ ಗೀಸರ್ ಆಫ್ ಮಾಡಲು ಮರೆಯುವುದು. ಅದಕ್ಕೆ ನಮ್ಮ ಖರ್ಚಿನಲ್ಲೇ ಟೈಮರ್ ಹಾಕಿಸುತ್ತೇವೆ, ಖಾಲಿ ಮಾಡುವಾಗ ಅದು ನಿಮಗೇ ಇರಲಿ.

ಇನ್ನು ಹಣದ ವಿಚಾರ. ನೀವು ಹೇಳಿದ ಬಾಡಿಗೆ ತಿಂಗಳಿಗೆ ₹11,000, ನೀರಿಗೆ ₹400, ಅಡ್ವಾನ್ಸ್ ₹66,000. ಕರಾರು 11 ತಿಂಗಳಿಗೆ, 1 ಆಗಸ್ಟ್ 2025 ರಿಂದ 30 ಜೂನ್ 2026 ರವರೆಗೆ. ಇಬ್ಬರ ಹೆಸರೂ ಅದರಲ್ಲಿರಲಿ. ಇ-ಸ್ಟಾಂಪ್ ಪೇಪರ್, ನೋಟರಿ ಖರ್ಚು ನಮ್ಮದು. ಠಾಣೆಗೆ ಕೊಡುವ ಬಾಡಿಗೆದಾರರ ಮಾಹಿತಿ ಫಾರಂ ಭರ್ತಿಗೆ ಇಬ್ಬರ ಫೋಟೊ, ಊರಿನ ವಿಳಾಸ, ಕಾಲೇಜಿನ ಐಡಿ ಪ್ರತಿ ಕೊಡುತ್ತೇವೆ.

ಬಾಡಿಗೆ ಪೂರ್ತಿಯಾಗಿ ಸಿಂಚನಾ ಖಾತೆಯಿಂದಲೇ ನಿಮ್ಮ ಖಾತೆಗೆ ಪ್ರತಿ ತಿಂಗಳು 5ನೇ ತಾರೀಖಿನೊಳಗೆ ಬರುತ್ತದೆ. ಪ್ರತಿಮಾ ತನ್ನ ಪಾಲಿನ ₹5,500 ಅವಳಿಗೆ ಕೊಡುತ್ತಾಳೆ. ಅರ್ಧರ್ಧ ಎರಡು ಕಡೆಯಿಂದ ಬಂದರೆ ಯಾರದು ಬಂತು, ಯಾರದು ಬಾಕಿ ಎಂದು ನೀವು ಲೆಕ್ಕ ಇಟ್ಟುಕೊಳ್ಳಬೇಕಾಗುತ್ತದೆ, ಆ ತಲೆನೋವು ನಿಮಗೆ ಬೇಡ. ಅವಳಿಗೆ ಸರ್ಕಾರದ ಸ್ಕಾಲರ್‌ಶಿಪ್ ಇದೆ, ಆದರೆ ಅದು ಬಂದಾಗ ಬಂತು. ಬಾಡಿಗೆಗೂ ಅದಕ್ಕೂ ಸಂಬಂಧ ಇಟ್ಟಿಲ್ಲ. ಸಂಬಳ ಆದ ದಿನವೇ ನಾನು ಅವಳ ಖಾತೆಗೆ ಹಾಕುತ್ತೇನೆ.

ಅಡ್ವಾನ್ಸನ್ನು ನನ್ನ ಖಾತೆಯಿಂದ ಬ್ಯಾಂಕ್ ಮೂಲಕವೇ ಕಳಿಸುತ್ತೇನೆ. ಹೊಸದಾಗಿ ಸೇರಿಸಿದ ಖಾತೆಗೆ ಮೊದಲ ದಿನವೇ ದೊಡ್ಡ ಮೊತ್ತ ಬಿಡದ ಬ್ಯಾಂಕುಗಳಿವೆ. ಆದ್ದರಿಂದ ಮೊದಲು ₹1 ಹಾಕಿ ನಿಮಗೆ ಫೋನ್ ಮಾಡುತ್ತೇನೆ, ಬಂತು ಎಂದ ಮೇಲೆ ಉಳಿದದ್ದು. ಕರಾರಿನಲ್ಲಿ ಅಡ್ವಾನ್ಸ್ ಯಾರಿಂದ ಬಂತು ಎಂಬುದನ್ನೂ ಬರೆಸಿ, ವಾಪಸು ಕೊಡುವಾಗ ಗೊಂದಲವಾಗಬಾರದು.

ಈಗ ನನ್ನ ಜಾಮೀನು. ಬರೀ "ಎಲ್ಲದಕ್ಕೂ ನಾನು ಹೊಣೆ" ಎಂದು ಬರೆದುಕೊಡುವುದು ಸುಲಭ, ಆದರೆ ತಕರಾರು ಬಂದಾಗ ಆ ಸಾಲಿನಿಂದ ನಿಮಗೂ ನನಗೂ ಕಷ್ಟ. ಮಿತಿ ಬರೆಯದಿದ್ದರೆ ಬಾಡಿಗೆದಾರರ ಹೊಣೆ ಎಷ್ಟೋ ಜಾಮೀನುದಾರನದೂ ಅಷ್ಟೇ ಎನ್ನುತ್ತದೆ 1872 ರ ಕರಾರು ಕಾಯ್ದೆಯ 128ನೇ ಕಲಂ. ಅದಕ್ಕೇ ಮೊತ್ತ ಹಾಕಿ ಬರೆಯುತ್ತಿದ್ದೇನೆ. ನಿಮ್ಮ ಕೈಯಲ್ಲಿರುವ ಅಡ್ವಾನ್ಸಿನ ಮೇಲೆ ಹೆಚ್ಚುವರಿಯಾಗಿ ₹55,000 ವರೆಗೆ ನಾನು ಹೊಣೆ. ಮೂರು ತಿಂಗಳ ಪೂರ್ತಿ ಬಾಡಿಗೆ ₹33,000, ನೀರು ಮತ್ತು ಕರೆಂಟಿನ ಬಾಕಿ ₹4,000, ಮನೆಗೆ ಹಾನಿಯಾದರೆ ರಿಪೇರಿಗೆ ₹18,000 ಎಂದು ಲೆಕ್ಕ ಹಾಕಿದ್ದೇನೆ. ಒಂದರಲ್ಲಿ ಉಳಿದದ್ದನ್ನು ಇನ್ನೊಂದಕ್ಕೆ ಹಿಡಿದುಕೊಳ್ಳಬಹುದು, ಒಟ್ಟು ಮೊತ್ತ ದಾಟಬಾರದು ಅಷ್ಟೇ.

ನಿಮಗೆ ನಿಜವಾಗಿ ಭಯ ಇರುವುದು, ನನ್ನ ಊಹೆ ಸರಿಯಾದರೆ, ವರ್ಷದ ಮಧ್ಯೆ ಇಬ್ಬರಲ್ಲಿ ಒಬ್ಬಳು ಬಿಟ್ಟು ಹೋದರೆ ಏನು ಎಂಬುದು. ಸ್ಟೂಡೆಂಟ್‌ಗಳ ಬಾಡಿಗೆ ಕೆಡುವುದು ಹೆಚ್ಚಾಗಿ ಅಲ್ಲೇ. ಪ್ರತಿಮಾ ಬಿಟ್ಟರೂ ಪೂರ್ತಿ ₹11,000 ಬರುತ್ತದೆ, ಅದು ನನ್ನ ಜವಾಬ್ದಾರಿ. ಅವಳ ಜಾಗಕ್ಕೆ ಇನ್ನೊಬ್ಬ ಹುಡುಗಿಯನ್ನು ಹುಡುಕುತ್ತೇವೆ, ನೀವು ನೋಡಿ ಒಪ್ಪಿದರೆ ಮಾತ್ರ ಒಳಗೆ ಬರುತ್ತಾಳೆ. ಸಿಂಚನಾಳೇ ಬಿಡಬೇಕಾಗಿ ಬಂದರೆ ಒಂದು ತಿಂಗಳ ಮುಂಚೆ ಬರವಣಿಗೆಯಲ್ಲಿ ತಿಳಿಸಿ, ಆ ತಿಂಗಳ ಬಾಡಿಗೆಯನ್ನು ಬೇರೆಯಾಗಿ ಕಟ್ಟಿಯೇ ಬಿಡುತ್ತಾಳೆ. ಕೊನೆಯ ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳಿ ಎನ್ನುವ ಪದ್ಧತಿ ನಮ್ಮಲ್ಲಿಲ್ಲ. ಹಾಗೆ ಮುರಿದರೆ ಗೋಡೆ, ನಲ್ಲಿ ನೋಡಿ ಹಿಡಿಯಬೇಕಾದ ಹಣವೇ ನಿಮ್ಮಲ್ಲಿ ಉಳಿಯುವುದಿಲ್ಲ.

5ನೇ ತಾರೀಖು ದಾಟಿದರೆ ಮೊದಲು ಅವಳಿಗೆ ಹೇಳಿ. 7ಕ್ಕೂ ಬಾರದಿದ್ದರೆ ನನಗೆ ಇದೇ ನಂಬರಿಗೆ ಒಂದು ಮೆಸೇಜ್ ಹಾಕಿ, ಎರಡು ದಿನದೊಳಗೆ ನನ್ನ ಖಾತೆಯಿಂದ ಹಾಕುತ್ತೇನೆ. ಬ್ಯಾಂಕ್ ಸರ್ವರ್ ಕೈಕೊಟ್ಟರೆ ಮೈಸೂರಿನಲ್ಲೇ ಇರುವ ಅವಳ ಸೋದರಮಾವ ಮನೆಗೆ ಬಂದು ಕೊಡುತ್ತಾರೆ. ಅವರ ಮನೆ ಸರಸ್ವತಿಪುರಂನಲ್ಲಿ. ರಾತ್ರಿ ಹೊತ್ತು ಏನಾದರೂ ತುರ್ತು ಬಂದರೂ ಮೊದಲು ಅವರಿಗೇ ಫೋನ್ ಮಾಡಿ, ನಾನು ಇಲ್ಲಿಂದ ಹೊರಟು ಬರುವುದರೊಳಗೆ ಅವರು ಅಲ್ಲಿರುತ್ತಾರೆ. ಅವರ ಕಾಂಟ್ಯಾಕ್ಟ್ ಬೇರೆ ಮೆಸೇಜಿನಲ್ಲಿ ಕಳಿಸಿದ್ದೇನೆ. ದಯವಿಟ್ಟು ಎರಡು ಮೂರು ತಿಂಗಳು ಸುಮ್ಮನಿದ್ದು ಒಟ್ಟಿಗೆ ಹೇಳಬೇಡಿ. ಹುಡುಗಿ ಎಂದು ನೀವು ಸಂಕೋಚಪಟ್ಟರೆ ಬಾಕಿ ಬೆಳೆಯುತ್ತದೆ, ನನಗೆ ಗೊತ್ತೇ ಆಗುವುದಿಲ್ಲ.

ಈ ಜಾಮೀನು 30 ಜೂನ್ 2026 ರವರೆಗಿನ ಬಾಕಿಗೆ. ಖಾಲಿ ಮಾಡಿದ ಮೇಲೆ 30 ದಿನದೊಳಗೆ ನೀವು ಲೆಕ್ಕ ಕೊಡಬಹುದು. ಕರಾರು ಮುಂದುವರಿಸುವುದಾದರೆ, ಬಾಡಿಗೆ ಹೆಚ್ಚಿಸುವುದಾದರೆ, ಹೊಸಬರನ್ನು ಸೇರಿಸುವುದಾದರೆ ನನ್ನ ಸಹಿಯನ್ನೂ ಮತ್ತೆ ತೆಗೆದುಕೊಳ್ಳಿ. ನನಗೆ ತಿಳಿಸದೆ ಷರತ್ತು ಬದಲಾದರೆ ಆಮೇಲಿನ ವ್ಯವಹಾರಕ್ಕೆ ಜಾಮೀನು ನಿಲ್ಲುವುದಿಲ್ಲ, ನಷ್ಟ ನಿಮಗೇ.

ನನ್ನ ವಿವರ:
ಹೆಸರು: ಎಚ್. ಎಂ. ಬಸವರಾಜು, 52 ವರ್ಷ
ಕೆಲಸ: ಅರಸೀಕೆರೆ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕ, 2003 ರಿಂದ ಸೇವೆಯಲ್ಲಿ
ಕೈಗೆ ಬರುವ ಸಂಬಳ: ₹71,200
ಇರುವ ಸಾಲ: ಮನೆ ಸಾಲದ ಕಂತು ₹18,500, ಬೇರೆ ಇಲ್ಲ
ವಾಸ: ಅರಸೀಕೆರೆಯಲ್ಲಿ ಸ್ವಂತ ಮನೆ
ಬೇರೆಯವರಿಗೆ ಕೊಟ್ಟ ಜಾಮೀನು: ಯಾವುದೂ ಇಲ್ಲ

ಕೊನೆಯ ಮೂರು ತಿಂಗಳ ಎಚ್‌ಆರ್‌ಎಂಎಸ್ ಸಂಬಳ ಚೀಟಿ, ಈ ವರ್ಷದ ಮನೆ ಕಂದಾಯದ ರಸೀದಿ, ಶಾಲೆಯ ಗುರುತಿನ ಚೀಟಿ ಕೊಡುತ್ತೇನೆ. ಆಧಾರ್ ಮೂಲಪ್ರತಿ ನೋಡಿಕೊಳ್ಳಿ. ನಿಮ್ಮಲ್ಲಿ ಇಟ್ಟುಕೊಳ್ಳಲು ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿ ಕೊಡುತ್ತೇನೆ, ಅದರ ಮೇಲೆ "ಬಾಡಿಗೆ ಕರಾರಿಗೆ ಮಾತ್ರ" ಎಂದು ಬರೆದು ಸಹಿ ಹಾಕಿರುತ್ತೇನೆ. ಹುಡುಗಿಯರದೂ ಹಾಗೆಯೇ. ಇದು ಅಪನಂಬಿಕೆಯಲ್ಲ, ಜೆರಾಕ್ಸ್ ಅಂಗಡಿಯಿಂದ ಪ್ರತಿಗಳು ಎಲ್ಲೆಲ್ಲಿಗೋ ಹೋಗುತ್ತವೆ.

ಸಹಿ ಮಾಡಿದ ಖಾಲಿ ಚೆಕ್ ಕೊಡಲು ಮಾತ್ರ ನನಗೆ ಒಪ್ಪಿಗೆಯಿಲ್ಲ. ತಾರೀಖು ಹಾಕಿದ ಚೆಕ್ಕಿಗೆ ಮೂರು ತಿಂಗಳಷ್ಟೇ ಆಯುಸ್ಸು, ತಾರೀಖಿಲ್ಲದ್ದು ಇಬ್ಬರಿಗೂ ವ್ಯಾಜ್ಯದ ಮೂಲ. ಅದರ ಬದಲು ಕರಾರಿನಲ್ಲೇ ಜಾಮೀನುದಾರನಾಗಿ ಪ್ರತಿ ಪುಟಕ್ಕೂ ಸಹಿ ಹಾಕುತ್ತೇನೆ. ಸೇರಿಸಬೇಕಾದ ಸಾಲು ಹೀಗಿರಲಿ:

"ಬಾಡಿಗೆದಾರರು 1-8-2025 ರಿಂದ 30-6-2026 ರವರೆಗಿನ ಬಾಡಿಗೆ, ನೀರು ಮತ್ತು ವಿದ್ಯುತ್ ಶುಲ್ಕ ಅಥವಾ ಮನೆಗೆ ಆದ ಹಾನಿಯ ಮೊತ್ತ ಕೊಡಲು ತಪ್ಪಿದಲ್ಲಿ, ಮುಂಗಡ ಹಣಕ್ಕೆ ವಜಾ ಹಾಕಿ ಉಳಿದ ಬಾಕಿಯನ್ನು ಗರಿಷ್ಠ ₹55,000 ವರೆಗೆ ಮಾಲೀಕರು ತಿಳಿಸಿದ ಏಳು ದಿನದೊಳಗೆ ಕೊಡಲು ಜಾಮೀನುದಾರರು ಒಪ್ಪಿರುತ್ತಾರೆ. ತಿಂಗಳ ಬಾಡಿಗೆ ತಪ್ಪಿದಲ್ಲಿ ಮುಂಗಡಕ್ಕೆ ಕಾಯದೆ ಜಾಮೀನುದಾರರು ನೇರವಾಗಿ ಕೊಡತಕ್ಕದ್ದು."

ಬೀಗದ ಕೈ ಕೊಡುವ ದಿನ ಇಡೀ ಮನೆಯ ವಿಡಿಯೊ ಮಾಡಿಕೊಳ್ಳೋಣ: ಪ್ರತಿ ನಲ್ಲಿ ತಿರುಗಿಸಿ, ಪ್ರತಿ ಸ್ವಿಚ್ ಹಾಕಿ ತೆಗೆದು, ಈಗಿರುವ ಗೋಡೆ ಬಿರುಕು, ಬಚ್ಚಲಿನ ಒಡೆದ ಟೈಲ್ಸ್ ಹತ್ತಿರದಿಂದ. ಮೀಟರ್ ರೀಡಿಂಗಿನ ಫೋಟೊ ಕೂಡ. ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡಿಯುವುದು ರೂಢಿ ಎಂದಿದ್ದಿರಿ. ಆಗಲಿ, ಆದರೆ ಅದರ ಮೇಲೆ ಗೋಡೆಯ ಕಲೆಗೆಂದು ಮತ್ತೆ ಬೇರೆ ಹಿಡಿಯುವಂತಿರಬಾರದು. ಉಳಿದ ಅಡ್ವಾನ್ಸ್ ಖಾಲಿ ಮಾಡಿದ 15 ದಿನದೊಳಗೆ ನನ್ನ ಖಾತೆಗೆ ಬರಲಿ.

ಗೃಹಜ್ಯೋತಿ ವಿಚಾರ ಒಂದು ಕೇಳಬೇಕಿತ್ತು. ಮೇಲ್ಮನೆಯ ಆರ್‌ಆರ್ ನಂಬರಿಗೆ ಹಿಂದಿನ ಬಾಡಿಗೆದಾರರ ಆಧಾರ್ ಇನ್ನೂ ಜೋಡಣೆಯಲ್ಲಿದ್ದರೆ ಅವರಿಂದ ಡಿಲಿಂಕ್ ಮಾಡಿಸಬೇಕು, ಅಲ್ಲಿಯವರೆಗೆ ಇವರ ಹೆಸರಿನಲ್ಲಿ ಅರ್ಜಿ ಹೋಗುವುದಿಲ್ಲ. ಆಗದಿದ್ದರೂ ಚಿಂತೆಯಿಲ್ಲ, ಬಿಲ್ ಬಂದಷ್ಟು ಕಟ್ಟುತ್ತೇವೆ. ಹಳೆಯ ಬಾಕಿ ಇಲ್ಲವೆಂದು ಕೊನೆಯ ಬಿಲ್ ತೋರಿಸಿದರೆ ಸಾಕು.

ಭಾನುವಾರ 13ನೇ ತಾರೀಖು ನಾನು, ನನ್ನ ಮನೆಯವರು ಮೈಸೂರಿಗೆ ಬರುತ್ತಿದ್ದೇವೆ. ಹನ್ನೊಂದು ಗಂಟೆಗೆ ಬರಬಹುದೇ? ದಾಖಲೆಗಳೆಲ್ಲ ಜೊತೆಗೇ ತರುತ್ತೇನೆ. ಯಾವುದಾದರೂ ಷರತ್ತು ಬದಲಾಗಬೇಕಿದ್ದರೆ ಶನಿವಾರದೊಳಗೆ ತಿಳಿಸಿ, ಕರಾರು ಟೈಪ್ ಮಾಡಿಸಿಕೊಂಡೇ ಬರುತ್ತೇನೆ. ಶಾಲೆಯ ಹೊತ್ತಿನಲ್ಲಿ ಫೋನ್ ತೆಗೆಯಲಾಗುವುದಿಲ್ಲ, ಸಂಜೆ ಐದರ ಮೇಲೆ ಯಾವಾಗ ಬೇಕಾದರೂ ಮಾಡಿ.

ಇಂತಿ,
ಎಚ್. ಎಂ. ಬಸವರಾಜು
(ಸಿಂಚನಾ ತಂದೆ)